ಫೋಟೋ ಡಿಲೀಟ್ ಮಾಡೋ ಮೊದಲು ಹ್ಯಾಶ್ ಮಾಡಿ

"ನಂದು ಸಿಂಧನೂರು, 22 ವರ್ಷ. ಹಳೇ ಗೆಳೆಯ ನನ್ನ ಖಾಸಗಿ ಫೋಟೋ ಹಾಕಿದ್ದ, ರಿಪೋರ್ಟ್ ಮಾಡಿ ತೆಗೆಸಿದೆ. ಬೇರೆ ಆ್ಯಪ್‌ನಲ್ಲಿ ಮತ್ತೆ ಹಾಕದಂತೆ ತಡೆಯಬಹುದಾ? ಅದಕ್ಕೆ ಯಾರಿಗಾದರೂ ಫೋಟೋ ಕಳಿಸಬೇಕಾ?"

ಯಾರಿಗೂ ಕಳಿಸಬೇಕಿಲ್ಲ. StopNCII.org ಅಂತ ಒಂದು ಸೈಟ್ ಇದೆ, ಬ್ರಿಟನ್ನಿನ ಒಂದು ಸೇವಾ ಸಂಸ್ಥೆಯದು. ಅದರಲ್ಲಿ ಫೋಟೋ ಆರಿಸಿದರೆ ನಿಮ್ಮ ಫೋನಿನೊಳಗೇ ಒಂದು ಉದ್ದನೆಯ ಅಂಕಿ-ಅಕ್ಷರದ ಸಾಲು ತಯಾರಾಗುತ್ತದೆ. ಅದೇ ಹ್ಯಾಶ್. ಹೊರಗೆ ಹೋಗುವುದು ಆ ಸಾಲು ಮಾತ್ರ, ಫೋಟೋ ಅಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್‌ನಂಥ ಕಂಪನಿಗಳು ತಮ್ಮಲ್ಲಿ ಬರುವ ಚಿತ್ರಗಳನ್ನು ಅದಕ್ಕೆ ಹೋಲಿಸಿ ನೋಡುತ್ತವೆ.

ನಾನು ಗಂಗಾವತಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ನಮ್ಮ ಚಿಕ್ಕಮ್ಮನ ಮಗಳಿಗೆ ಇದೇ ಗತಿ ಬಂದಿತ್ತು. ಮಧ್ಯಾಹ್ನ ಅಂಗಡಿ ಶಟರ್ ಅರ್ಧ ಎಳೆದು ಕೂತೆವು. ಸೈಟ್ ತೆರೆದ ಮೇಲೆ ಗೊತ್ತಾಯಿತು, ಹೆದರಿಕೆಗೆ ಅವಳು ಫೋಟೋ, ವಿಡಿಯೋ ಎಲ್ಲಾ ಅಳಿಸಿಬಿಟ್ಟಿದ್ದಾಳೆ! ಫೈಲೇ ಇಲ್ಲದಿದ್ದರೆ ಹ್ಯಾಶ್ ಯಾವುದರಿಂದ ಮಾಡೋದು? ಪುಣ್ಯಕ್ಕೆ ಅವನು ಬೆದರಿಸಲು ವಾಟ್ಸಾಪ್‌ನಲ್ಲಿ ಕಳಿಸಿದ್ದವು ಚಾಟ್‌ನಲ್ಲೇ ಉಳಿದಿದ್ದವು.

ನಿಜ ಹೇಳಬೇಕೆಂದರೆ ಅದೇ ಒಳ್ಳೆಯದಾಯಿತು. ಫೋಟೋಗೆ ಬಳಸುವ ಹ್ಯಾಶ್ ಚಿತ್ರದ ಒಟ್ಟು ಚಹರೆ ಹಿಡಿಯುತ್ತದೆ. ಸೈಜ್ ಸಣ್ಣದಾದರೂ, ಫಾರ್ವರ್ಡ್ ಆಗಿ ಸ್ವಲ್ಪ ಮಸುಕಾದರೂ ಸಾಮಾನ್ಯವಾಗಿ ಗುರುತು ಸಿಗುತ್ತದೆ. ವಿಡಿಯೋಗೆ ಹಾಗಲ್ಲ. ಅದರ ಹ್ಯಾಶ್ ಆ ಫೈಲ್‌ಗೆ ಮಾತ್ರ, ಒಂದು ಸೆಕೆಂಡ್ ಕತ್ತರಿಸಿದರೂ ಹೊಂದುವುದಿಲ್ಲ. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸುವುದರಿಂದ ನಿಮ್ಮ ಗ್ಯಾಲರಿಯ ಮೂಲ ವಿಡಿಯೋ ಬೇರೆ, ಹರಿದಾಡುವುದು ಬೇರೆ. ಹಾಗಾಗಿ ಅವನು ಕಳಿಸಿದ್ದು, ನಿಮ್ಮ ಹತ್ತಿರ ಇರುವುದು, ಎರಡನ್ನೂ ಹಾಕಿ.

ಫೋಟೋದಲ್ಲೂ ಜಾಸ್ತಿ ಕ್ರಾಪ್ ಮಾಡಿದರೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ತಪ್ಪಿಸಿಕೊಳ್ಳಬಹುದು. ಅಂಥದ್ದು ಕಣ್ಣಿಗೆ ಬಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಚಿತ್ರದ ಭಾಗವಷ್ಟೇ ಉಳಿಸಿಕೊಂಡು, ಅದರದ್ದೂ ಹ್ಯಾಶ್ ಮಾಡಿ ಅದೇ ಸೈಟ್‌ನಲ್ಲಿ ಇನ್ನೊಂದು ಕೇಸ್ ಹಾಕಿ.

ಕೊನೆಯಲ್ಲಿ ಕೇಸ್ ನಂಬರ್, ಪಿನ್ ಬರುತ್ತವೆ. ಪಿನ್ ಕಳೆದರೆ ಮತ್ತೆ ಕೊಡುವುದಿಲ್ಲ. ನಮ್ಮ ಹುಡುಗಿ ಗ್ಯಾಸ್ ಪುಸ್ತಕದ ಹಿಂದೆ ಬರೆದಿಟ್ಟಿದ್ದಾಳೆ, ಮನೇಲಿ ಯಾರೂ ಅದನ್ನ ತಿರುಗಿಸಿ ನೋಡಲ್ಲ ಅಂತ.

ಒಂದು ಮಾತು: ಫೋಟೋ ತೆಗೆದಾಗ ನಿಮಗೆ 18 ತುಂಬಿರಬೇಕು. ತುಂಬಿರದಿದ್ದರೆ takeitdown.ncmec.org ಬಳಸಿ, ಕೆಲಸ ಅದೇ ರೀತಿ.

ವಾಟ್ಸಾಪ್ ಗ್ರೂಪಿನಲ್ಲಿ ಹಂಚಿದರೆ ಇದು ಹಿಡಿಯುವುದಿಲ್ಲ. ಈ ಸೈಟ್ ಜತೆ ಕೈಜೋಡಿಸದ ಕಂಪನಿಗಳಲ್ಲೂ ಅಷ್ಟೇ. ಅಲ್ಲಿ ರಿಪೋರ್ಟ್ ಒತ್ತುವ ಮೊದಲು ಲಿಂಕ್, ಅಕೌಂಟ್ ಹೆಸರು, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅದನ್ನು ಹಿಡಿದುಕೊಂಡು ಸೈಬರ್ ಅಪರಾಧ ನೋಡುವ ರಾಯಚೂರಿನ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು, ಇಲ್ಲವೇ cybercrime.gov.in ನಲ್ಲಿ ದೂರು ಹಾಕಬಹುದು.