ಚಟ್ನಿ ಪಾತ್ರೆಯಿಂದ ಶುರು ಮಾಡಿ

ಮಾನ್ಯ ಸಂಪಾದಕರೇ, ನಮ್ಮದು ಮಂಡ್ಯದಲ್ಲಿ ತಿಂಡಿ-ಊಟದ ಸಸ್ಯಾಹಾರಿ ಹೋಟೆಲ್. ಅಡುಗೆಮನೆಯ ಹೆಲ್ಪರ್ ಒಬ್ಬರಿಗೆ ವಾರ್ಷಿಕ ಅಪ್ರೈಸಲ್ ಬರೆಯಬೇಕಿದೆ. ಬೆಳಗಿನ ಜಾವ 5ಕ್ಕೆ ಬಂದು ಗ್ರೈಂಡರ್ ಹಾಕುವವರು ಅವರೇ, ರಜೆ ಹಾಕುವುದೇ ಅಪರೂಪ. ಆದರೆ ಹಳೆ ಚಟ್ನಿಗೆ ಹೊಸದನ್ನು ಸುರಿಯುತ್ತಾರೆ, ನಿನ್ನೆಯ ಹಿಟ್ಟನ್ನು ಇಂದಿನದಕ್ಕೆ ಬೆರೆಸುತ್ತಾರೆ. ಹೋದ ವರ್ಷ 'ಒಳ್ಳೆಯ ಕೆಲಸಗಾರ, ಶುಚಿತ್ವದ ಕಡೆ ಗಮನ ಕೊಡಬೇಕು' ಎಂದು ಬರೆದೆ, ಏನೂ ಬದಲಾಗಲಿಲ್ಲ. ಗಟ್ಟಿಯಾಗಿ ಬರೆದರೆ ಬೇಜಾರಾಗಿ ಬಿಟ್ಟುಹೋದಾರು. ಹೇಗೆ ಬರೆಯಲಿ?
— ಹೋಟೆಲ್ ವ್ಯವಸ್ಥಾಪಕರು, ಮಂಡ್ಯ

ಹೋದ ವರ್ಷದ ನಿಮ್ಮ ಸಾಲನ್ನು ಓದಿದ ಹೆಲ್ಪರ್ ಮರುದಿನ ಬೆಳಿಗ್ಗೆ ಯಾವ ಕೆಲಸವನ್ನು ಬೇರೆ ರೀತಿ ಮಾಡಬೇಕಿತ್ತು? 'ಶುಚಿತ್ವ' ಎಂದರೆ ಅವರು ನೆಲ ಇನ್ನೊಮ್ಮೆ ಒರೆಸಿರುತ್ತಾರೆ, ಅಷ್ಟೆ. ಚಟ್ನಿ ಪಾತ್ರೆಯ ಹೆಸರೇ ಅಲ್ಲಿರಲಿಲ್ಲ.

ಮೊದಲು ಎರಡು ತಪ್ಪುಗಳ ತೂಕ ಬೇರೆ ಮಾಡಿಕೊಳ್ಳಿ. ಚಟ್ನಿಯದು ಗಿರಾಕಿಯ ಹೊಟ್ಟೆಯ ಪ್ರಶ್ನೆ. ಹಸಿ ಕಾಯಿ, ಹುರಿಗಡಲೆ, ನೀರು ಸೇರಿದ ಚಟ್ನಿಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವಷ್ಟು ಹುಳಿಯೂ ಇರುವುದಿಲ್ಲ, ಬೇಯಿಸಿದ ಶಾಖವೂ ಇರುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೇಗ ಬೆಳೆಯುತ್ತವೆ. ಒಲೆ ಪಕ್ಕದ ಕೌಂಟರ್ ಸದಾ ಆ ಮಿತಿಯೊಳಗೇ ಇರುತ್ತದೆ. 6 ಗಂಟೆಗೆ ರುಬ್ಬಿದ್ದರಲ್ಲಿ ಎರಡು ಸೌಟು ಉಳಿದಿರುವಾಗ 9ಕ್ಕೆ ಹೊಸದನ್ನು ಅದೇ ಪಾತ್ರೆಗೆ ಸುರಿದರೆ, ಹೊಸ ಚಟ್ನಿಗೆ ಆ ಕ್ಷಣವೇ ಮೂರು ಗಂಟೆ ವಯಸ್ಸಾದಂತೆ. ಮೇಲೆ ಹಾಕುವ ಬಿಸಿ ಒಗ್ಗರಣೆ ಪಾತ್ರೆಯ ತಳದವರೆಗೆ ಹೋಗುವುದಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಬಂದ ಮೇಲೆ ಯಾರಾದರೂ ಚೆಲ್ಲುತ್ತಾರೆ. ಆದರೆ ಹೊಟ್ಟೆ ಕೆಡಿಸುವ ಜೀವಿಗಳು ವಾಸನೆಗೂ ಮೊದಲೇ ಬಂದಿರಬಹುದು. ಹಾಗಾಗಿ ಇಲ್ಲಿ ಮೂಗನ್ನು ನಂಬುವಂತಿಲ್ಲ, ಗಡಿಯಾರವನ್ನೇ ನಂಬಬೇಕು.

ಹಿಟ್ಟಿನದು ಹಾಗಲ್ಲ. ಹುದುಗು ಬೇಗ ಬರಲೆಂದು ನಿನ್ನೆಯ ಹಿಟ್ಟು ಒಂದು ಸೌಟು ಹಾಕುವುದು ಎಷ್ಟೋ ಭಟ್ಟರು ಮಾಡುವ ಕೆಲಸವೇ. ಅದನ್ನು ತಪ್ಪೆಂದು ಬರೆದರೆ ನಿಮ್ಮ ಭಟ್ಟರೇ ನಕ್ಕಾರು. ಉಳಿದದ್ದನ್ನೆಲ್ಲ ಅಳತೆಯಿಲ್ಲದೆ ಸುರಿದರೆ ಮಾತ್ರ ತೊಂದರೆ. ಏಪ್ರಿಲ್ ಸೆಕೆಗೆ ಹುಳಿ ಹೆಚ್ಚಾಗಿ, ಉಬ್ಬಿದ ಹಿಟ್ಟು ಕುಸಿದು, 10 ಗಂಟೆಯ ಇಡ್ಲಿ ಚಪ್ಪಟೆಯಾಗುತ್ತದೆ. ಇದು ರುಚಿಯ ಮಾತು, ಎರಡನೇ ಸ್ಥಾನದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದರೆ ಹೆಲ್ಪರ್‌ಗೆ ಎರಡೂ ಒಂದೇ ಎನ್ನಿಸುತ್ತದೆ.

ಬರೆಯಲು ಕೂರುವ ಮೊದಲು ಇನ್ನೊಂದು ವಿಷಯ ನೋಡಿ, ಇದನ್ನು ಬಹಳ ಹೋಟೆಲ್‌ಗಳಲ್ಲಿ ಯಾರೂ ನೋಡುವುದಿಲ್ಲ. ಅವರು ಹಳೆಯದಕ್ಕೆ ಹೊಸದನ್ನು ಯಾಕೆ ಸುರಿಯುತ್ತಾರೆ? ಕೌಂಟರಿನಲ್ಲಿ ಚಟ್ನಿಗೆ ಒಂದೇ ಪಾತ್ರೆ ಇದ್ದರೆ, ಅದು ಖಾಲಿಯಾಗಿ ತೊಳೆದು ಬರುವಷ್ಟರಲ್ಲಿ ಸಪ್ಲೈಯರ್ ಮೂರು ಸಲ ಕೂಗಿರುತ್ತಾನೆ. ಉಳಿದ ಚಟ್ನಿ ಚೆಲ್ಲಿದ್ದಕ್ಕೆ 'ಕಾಯಿ ರೇಟು ಗೊತ್ತಾ?' ಎಂದು ನೀವೋ ಭಟ್ಟರೋ ಒಮ್ಮೆ ಗದರಿದ್ದರೂ ಸಾಕು, ಆಮೇಲೆ ಯಾರೂ ಚೆಲ್ಲುವುದಿಲ್ಲ. ಹಾಗಿದ್ದರೆ ಅದು ಹೋಟೆಲೇ ಕಲಿಸಿದ ಅಭ್ಯಾಸ, ಅವರೊಬ್ಬರ ಹೆಸರಿಗೆ ಬರೆಯುವುದು ನ್ಯಾಯವಲ್ಲ. ಎರಡನೇ ಪಾತ್ರೆ ತರಿಸಿ, ಉಳಿದದ್ದನ್ನು ಚೆಲ್ಲಬಹುದು ಎಂದು ಭಟ್ಟರ ಎದುರಿಗೇ ಹೇಳಿ. ಆಮೇಲೂ ಸುರಿದರೆ ಅದು ಅವರ ತಪ್ಪು.

ಹೊಗಳಿಕೆಯಲ್ಲೂ ಕೈಕೆಲಸ ಕಾಣಬೇಕು. 'ಒಳ್ಳೆಯ ಕೆಲಸಗಾರ' ಎಂಬುದನ್ನು ಗೇಟಿನ ಕಾವಲುಗಾರನಿಗೂ ಬರೆಯಬಹುದು. ಉದ್ದು ರುಬ್ಬುವಾಗ ಅವರು ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಕಲ್ಲು ಬಿಸಿಯಾಗದಂತೆ ನೋಡಿಕೊಳ್ಳುತ್ತಾರೆಯೇ? ಕಲ್ಲು ಬಿಸಿಯಾದರೆ ಉದ್ದು ಸರಿಯಾಗಿ ಉಬ್ಬುವುದಿಲ್ಲ, ಇಡ್ಲಿ ಗಟ್ಟಿಯಾಗುತ್ತದೆ. ಇದು ಕೈಗೆ ಹತ್ತಿದ ಕಸುಬು, ಹೆಸರಿಟ್ಟು ಬರೆಯಿರಿ.

ಇದೊಂದು ಮಾದರಿ. ದಿನಾಂಕ, ಅಳತೆಗಳನ್ನು ನಿಮ್ಮ ಡೈರಿ ನೋಡಿ ಬದಲಿಸಿಕೊಳ್ಳಿ. ಡೈರಿಯಲ್ಲಿ ಇಲ್ಲದ್ದನ್ನು ಬರೆಯಬೇಡಿ.

'ವರ್ಷವಿಡೀ ಬೆಳಿಗ್ಗೆ 5ಕ್ಕೆ ಗ್ರೈಂಡರ್ ಶುರು ಮಾಡಿದ್ದಾರೆ. ಇವರು ತಡವಾಗಿ ಬಂದು ತಿಂಡಿ ನಿಂತದ್ದಿಲ್ಲ. ಉದ್ದನ್ನು ಹದವಾಗಿ ರುಬ್ಬುತ್ತಾರೆ. ಇಡ್ಲಿ ಮೃದುವಾಗಿ ಬರುವುದರಲ್ಲಿ ಇವರ ಪಾಲು ದೊಡ್ಡದು. ದಸರಾ ರಶ್ಶಿನಲ್ಲಿ ಪಾತ್ರೆ ತೊಳೆಯುವವರು ಇಲ್ಲದ ದಿನ ಆ ಕೆಲಸವನ್ನೂ ನೋಡಿಕೊಂಡರು.

'ತಿದ್ದಿಕೊಳ್ಳಬೇಕಾದ್ದು, ಒಂದು: ಹಳೆ ಚಟ್ನಿ ಇರುವ ಪಾತ್ರೆಗೆ ಹೊಸ ಚಟ್ನಿ ಸುರಿದದ್ದು ಜನವರಿ 12 ಮತ್ತು ಫೆಬ್ರವರಿ 3ರಂದು ಕಂಡಿದೆ, ಎರಡೂ ದಿನ ಅಲ್ಲೇ ತಿಳಿಸಲಾಗಿದೆ. ಇನ್ನು ಮುಂದೆ ಎರಡು ಗಂಟೆಗೆ ಸಾಲುವಷ್ಟೇ ರುಬ್ಬಬೇಕು. ಹೊಸ ಚಟ್ನಿ ತೊಳೆದ ಇನ್ನೊಂದು ಪಾತ್ರೆಯಲ್ಲೇ ಬರಬೇಕು. ರುಬ್ಬಿದ ಸಮಯವನ್ನು ಟೇಪಿನ ಮೇಲೆ ಬರೆದು ಪಾತ್ರೆಗೆ ಅಂಟಿಸಬೇಕು. ಎರಡು ಗಂಟೆ ದಾಟಿದ್ದನ್ನು ಚೆಲ್ಲಬೇಕು. ಚೆಲ್ಲಿದ್ದಕ್ಕೆ ಯಾರೂ ಆಕ್ಷೇಪಿಸುವುದಿಲ್ಲ. ಎರಡನೇ ಪಾತ್ರೆ, ಟೇಪು, ಮಾರ್ಕರ್ ಒದಗಿಸುವುದು ಹೋಟೆಲಿನ ಹೊಣೆ.

'ಎರಡು: ಹೊಸ ಹಿಟ್ಟಿಗೆ ಹಳೆಯದನ್ನು ಭಟ್ಟರು ಹೇಳಿದ ಅಳತೆಗಿಂತ ಹೆಚ್ಚು ಸೇರಿಸಬಾರದು. ಉಳಿದ ಹಿಟ್ಟಿಗೆ ದಿನಾಂಕ ಬರೆದು ಫ್ರಿಜ್‌ನಲ್ಲಿಟ್ಟು, ಅದನ್ನೇ ಮೊದಲು ದೋಸೆಗೆ ಖರ್ಚು ಮಾಡಬೇಕು.'

ತಿದ್ದುವ ಅಂಶ ಇಷ್ಟೇ ಇರಲಿ. ಮೂರನೆಯದು ಸೇರಿಸಬೇಕೆಂಬ ಆಸೆ ಬರುತ್ತದೆ, ಏಪ್ರನ್ನೋ ಮೊಬೈಲೋ. ಅದನ್ನು ಇಂದೇ ಬಾಯಿಮಾತಿನಲ್ಲಿ ಹೇಳಿ ಮುಗಿಸಿ. ಅಪ್ರೈಸಲ್‌ನಲ್ಲಿ ಹೆಲ್ಪರ್ ಮೊದಲ ಸಲ ಕೇಳುವ ದೂರು ಇರಲೇಬಾರದು. ಡೈರಿಯ ಆ ಎರಡು ದಿನ ಅಲ್ಲೇ ಹೇಳಿರದಿದ್ದರೆ ಆ ಸಾಲು ಹೊಡೆದುಹಾಕಿ.

ಫಾರಂನಲ್ಲಿ ಅಂಕಗಳಿದ್ದರೆ ಹಾಜರಾತಿಗೆ 5ಕ್ಕೆ 5 ಕೊಡಿ, ಆಹಾರ ಸುರಕ್ಷತೆಗೆ 2 ಕೊಡಿ. ರಜೆ ಹಾಕದವರು ಪಾಪ ಎಂದು ಆ 2ನ್ನು 4 ಮಾಡಿದರೆ ಅವರು ನಂಬುವುದು 4ನ್ನೇ, ನೀವು ಬರೆದ ಪ್ಯಾರಾವನ್ನಲ್ಲ. ಸಂಬಳದ ಮಾತನ್ನು ಬೇರೆ ದಿನಕ್ಕಿಡಿ. ಏಪ್ರಿಲ್‌ನಲ್ಲಿ ಏರುವ ತುಟ್ಟಿಭತ್ಯೆ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿದ್ದು, ಅದನ್ನು ಮೆಚ್ಚಿ ಕೊಟ್ಟ ಹೆಚ್ಚಳವೆಂದು ತೋರಿಸಬೇಡಿ. ಹಾಗೆಯೇ ಆಹಾರ ಮುಟ್ಟುವವರ ವಾರ್ಷಿಕ ವೈದ್ಯಕೀಯ ತಪಾಸಣೆ ಮಾಡಿಸುವುದು ಹೋಟೆಲಿನ ಕರ್ತವ್ಯ. ಅದು ತಪ್ಪಿದ್ದರೆ ಹೆಲ್ಪರ್ ಲೋಪಗಳ ಪಟ್ಟಿಗೆ ಸೇರಿಸಬೇಡಿ.

ಬಿಟ್ಟುಹೋದಾರೆಂಬ ಭಯ ಇರುವುದರಿಂದ ಹೇಳುವ ಹೊತ್ತನ್ನು ನೋಡಿಕೊಳ್ಳಿ. ಊಟದ ಗಲಾಟೆ ಇಳಿದ ಮೇಲೆ, ಮಧ್ಯಾಹ್ನ 3ರ ಸುಮಾರಿಗೆ, ಭಟ್ಟರಿಲ್ಲದ ಕಡೆ ಕೂರಿಸಿ ಕನ್ನಡದಲ್ಲೇ ಪೂರ್ತಿ ಓದಿ ಹೇಳಿ. ಓದು ಬರುವವರಾದರೂ ಇಂಗ್ಲಿಷ್ ಫಾರಂ ಮುಂದಿಟ್ಟು ಸಹಿ ಹಾಕಿಸಬೇಡಿ. 'ಇದನ್ನು ಮಾಡೋಕೆ ಏನು ಅಡ್ಡಿ?' ಎಂದು ಕೇಳಿ, ಅವರು ಹೇಳಿದ್ದನ್ನು ಕೊನೆಯಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ. 'ರುಬ್ಬೋ ಜಾರು ಒಂದೇ ಇದೆ, ಸಾಗುಗೂ ಅದೇ ಬೇಕು' ಎನ್ನುವಂಥ ಉತ್ತರ ಬಂದರೆ, ನಿಮ್ಮ ಎರಡು ಗಂಟೆಯ ನಿಯಮ ಯಾಕೆ ನಿಲ್ಲುತ್ತಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾಲ್ಕು ವಾರ ಬಿಟ್ಟು, ತಿಳಿಸದೆ, ಬೆಳಿಗ್ಗೆ 10:30ಕ್ಕೆ ಕೌಂಟರಿಗೆ ಹೋಗಿ ಚಟ್ನಿ ಪಾತ್ರೆಯ ಟೇಪು ನೋಡಿ. 8:30ರ ನಂತರದ ಸಮಯ ಬರೆದಿದ್ದರೆ, ಪಾತ್ರೆಯ ಅಂಚಿನಲ್ಲಿ ಒಣಗಿದ ಹಳೆ ಚಟ್ನಿಯ ಪಟ್ಟಿ ಇಲ್ಲದಿದ್ದರೆ ಕೆಲಸ ಹಿಡಿದಿದೆ. ಅದನ್ನೂ ಅದೇ ಫಾರಂನ ಕೆಳಗೆ ದಿನಾಂಕ ಹಾಕಿ ಬರೆಯಿರಿ. ಟೇಪಿನ ಮೇಲೆ ಸಮಯ ಇದ್ದು ಅಂಚಿನಲ್ಲಿ ಪಟ್ಟಿಯೂ ಇದ್ದರೆ, ಟೇಪು ಮಾತ್ರ ಬದಲಾಗಿದೆ, ಪಾತ್ರೆ ಬದಲಾಗಿಲ್ಲ.

— ಸಂಪಾದಕ