ಟ್ಯೂಷನ್ ಮಧ್ಯದಲ್ಲೇ ಬಿಟ್ಟರೆ ಎಷ್ಟು ಹಣ ವಾಪಸ್ ಬರುತ್ತದೆ?

"ಮಗನನ್ನು ಕೋಚಿಂಗ್ ಸೆಂಟರ್‌ಗೆ ಸೇರಿಸಿ ಮೂರು ತಿಂಗಳಾಯಿತು. ತಿಂಗಳ ಫೀಸು, ಆದರೆ ಮುಂದಿನ ಕೆಲವು ತಿಂಗಳದ್ದೂ ಮೊದಲೇ ಕಟ್ಟಿದ್ದೇವೆ. ಈಗ ಬಿಡಿಸಬೇಕು. ಎಷ್ಟು ವಾಪಸ್ ಕೇಳಬಹುದು?"

ಮೊದಲು ರಸೀದಿ ತೆಗೆದು ನೋಡಿ. ಅದರಲ್ಲಿ ತಿಂಗಳ ಹೆಸರು ಬರೆದಿದೆಯಾ, ಇಲ್ಲ 'ಮೂರನೇ ಕಂತು' ಅಂತ ಇದೆಯಾ? ತಿಂಗಳ ಹೆಸರಿದ್ದರೆ ನಿಮ್ಮದು ನಿಜವಾಗಿಯೂ ತಿಂಗಳ ಫೀಸು. ಪಾಠ ನಡೆಯದ ತಿಂಗಳುಗಳ ಹಣವನ್ನು ಧೈರ್ಯವಾಗಿ ಕೇಳಬಹುದು. 'ಕಂತು' ಅಂತಿದ್ದರೆ ಅದು ಇಡೀ ವರ್ಷದ ಫೀಸನ್ನು ತುಂಡು ಮಾಡಿದ್ದು ಇರಬಹುದು. ಆಗ ವಾಪಸ್ ಕೊಡುವುದಿರಲಿ, ಉಳಿದ ಕಂತನ್ನೂ ಕಟ್ಟಿ ಅಂತ ಅವರೇ ಕೇಳಬಹುದು. ಸೇರಿಸುವಾಗ ನೀವು ಸಹಿ ಮಾಡಿದ ಫಾರ್ಮ್‌ನಲ್ಲಿ ಏನಿದೆ ಅಂತ ಓದದೆ ಮಾತಿಗೆ ಹೋಗಬೇಡಿ.

ನನ್ನ ಮಗಳ ವಿಷಯದಲ್ಲಿ ಆದದ್ದನ್ನು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ತಿಂಗಳ ಫೀಸು 100 ಅಂತಿಟ್ಟುಕೊಳ್ಳಿ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇತ್ತು. 600ರ ಬದಲು 540 ಕಟ್ಟಿದೆವು. ಅಂದರೆ ತಿಂಗಳಿಗೆ 90. ಎರಡು ತಿಂಗಳು ಮುಗಿದ ದಿನ, ಕ್ಲಾಸ್ ಬಿಟ್ಟ ಮೇಲೆ, ಬಾಗಿಲ ಹತ್ತಿರ ನಿಂತಿದ್ದ ಮೇಷ್ಟ್ರಿಗೆ "ಇನ್ನು ಕಳಿಸಲ್ಲ ಸರ್" ಅಂದೆ. ಅವರು "ಆಯ್ತಮ್ಮ" ಅಂದರು. ನಾನು ಅಷ್ಟಕ್ಕೇ ಸುಮ್ಮನಾದೆ. ಪತ್ರ ಬರೆದು ಆಫೀಸಿಗೆ ಕೊಟ್ಟಿದ್ದು ಅದಾಗಿ ಎಂಟು ದಿನಕ್ಕೆ.

ಆಫೀಸಿನವರ ಲೆಕ್ಕ ಹೀಗಿತ್ತು: ಪತ್ರ ಬಂದಿದ್ದು ಮೂರನೇ ತಿಂಗಳಲ್ಲಿ, ಹಾಗಾಗಿ ಮೂರು ತಿಂಗಳ ಫೀಸು. ಅದರ ಮೇಲೆ ಒಂದು ತಿಂಗಳ ನೋಟಿಸ್. ಮಧ್ಯದಲ್ಲಿ ಬಿಟ್ಟಿದ್ದರಿಂದ ರಿಯಾಯಿತಿ ರದ್ದು, ತಿಂಗಳಿಗೆ 100ರಂತೆ ಒಟ್ಟು 400. ವಾಪಸ್ 140.

ಫಾರ್ಮ್ ತಂದು ಮುಂದಿಟ್ಟೆ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ನೋಟಿಸ್ ವಿಷಯ ಇತ್ತು. 'ಬರವಣಿಗೆಯಲ್ಲಿ, ಮುಂದಿನ ತಿಂಗಳ ಮೊದಲ ದಿನದಿಂದ' ಅಂತ ಸ್ಪಷ್ಟವಾಗಿಯೇ ಇತ್ತು. ಅದನ್ನು ಒಪ್ಪಿಕೊಂಡೆ. ಆದರೆ ಮಧ್ಯದಲ್ಲಿ ಬಿಟ್ಟರೆ ರಿಯಾಯಿತಿ ಹೋಗುತ್ತದೆ ಅಂತ ಎಲ್ಲೂ ಇರಲಿಲ್ಲ. ಬರೆಯದ ಷರತ್ತನ್ನು ಈಗ ಹೇಗೆ ಹಾಕುತ್ತೀರಿ ಅಂತ ಕೇಳಿದೆ. ಕೊನೆಗೆ 90ರಂತೆ ನಾಲ್ಕು ತಿಂಗಳಿಗೆ 360 ಹಿಡಿದು 180 ಕೊಟ್ಟರು. ಮೇಷ್ಟ್ರಿಗೆ ಬಾಯಲ್ಲಿ ಹೇಳಿದ ದಿನವೇ ಪತ್ರ ಕೊಟ್ಟಿದ್ದರೆ ಮೂರನೇ ತಿಂಗಳೇ ನೋಟಿಸ್ ತಿಂಗಳಾಗುತ್ತಿತ್ತು, 270 ಬರುತ್ತಿತ್ತು. ಎಂಟು ದಿನ ತಡ ಮಾಡಿದ್ದಕ್ಕೆ ಪೂರ್ತಿ ಒಂದು ತಿಂಗಳ ಫೀಸು ಹೋಯಿತು. ಇದು ನನಗೆ ಈಗಲೂ ಬೇಸರದ ವಿಷಯ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಅಡ್ಮಿಷನ್ ಫೀಸನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕೊಟ್ಟ ಪುಸ್ತಕದ ಹಣವೂ ಅಷ್ಟೇ. ಆದರೆ ಪುಸ್ತಕಗಳನ್ನು ಭಾಗ ಭಾಗವಾಗಿ ಕೊಡುವ ಕಡೆ, ಇನ್ನೂ ಕೈಗೆ ಬಾರದ ಭಾಗದ ಹಣ ಕೇಳಿ. ಡೆಪಾಸಿಟ್ ಇದ್ದರೆ ಅದು ಫೀಸಲ್ಲ, ಅದನ್ನು ಬೇರೆಯಾಗಿ ಪೂರ್ತಿ ಕೇಳಿ.

ಇನ್ನೊಂದು ಮುಖ್ಯ ಮಾತು. ನೀವು ಬಿಡಿಸುತ್ತಿರುವುದು ಯಾಕೆ? ಅವರೇ ಬ್ಯಾಚ್ ಸಮಯ ಬದಲಿಸಿದ್ದರೆ, ಅಥವಾ ಹೇಳಿದ ಮೇಷ್ಟ್ರು ಬಿಟ್ಟುಹೋಗಿ ಪಾಠವೇ ನಿಂತಿದ್ದರೆ, ನೋಟಿಸ್ ತಿಂಗಳು ಹಿಡಿಯುವುದು ಸರಿಯಲ್ಲ ಅಂತ ವಾದಿಸಬಹುದು. ಆ ಬದಲಾವಣೆ ತಿಳಿಸಿದ ಮೆಸೇಜ್‌ಗಳನ್ನು ಅಳಿಸಬೇಡಿ. ಮಗನಿಗೆ ಇಷ್ಟವಾಗಲಿಲ್ಲ ಅನ್ನುವುದಾದರೆ ಈ ವಾದ ನಿಲ್ಲುವುದಿಲ್ಲ.

ಹಣ ಬ್ಯಾಂಕಿನಿಂದ ತಾನಾಗಿ ಕಟ್ ಆಗುತ್ತಿದ್ದರೆ, ಪತ್ರ ಕೊಟ್ಟ ಮೇಲೆ ಬ್ಯಾಂಕಿನಲ್ಲೂ ನಿಲ್ಲಿಸಿ. ಆದರೆ ಫೀಸಿಗೆ ಸಾಲ ಮಾಡಿದ್ದರೆ ಹಾಗೆ ನಿಲ್ಲಿಸಬೇಡಿ. ಸಾಲ ಕೊಟ್ಟವರಿಗೂ ಸೆಂಟರ್‌ಗೂ ಇರುವ ಲೆಕ್ಕ ಬೇರೆ, ಬಾಕಿ ನಿಮ್ಮ ಹೆಸರಲ್ಲೇ ಬೆಳೆಯುತ್ತದೆ.

ಇವತ್ತೇ ಪತ್ರ ಬರೆಯಿರಿ, ಅರ್ಧ ಪುಟ ಸಾಕು. ಮಗನ ಹೆಸರು, ಬ್ಯಾಚ್, ಕೊನೆಯ ಬಾರಿ ಕ್ಲಾಸಿಗೆ ಹೋದ ದಿನ, ರಸೀದಿ ನಂಬರ್. ಕೆಳಗೆ ಕಟ್ಟಿದ್ದೆಷ್ಟು, ಕಳೆಯಬೇಕಾದ್ದೆಷ್ಟು, ಬರಬೇಕಾದ್ದೆಷ್ಟು ಅಂತ ನಿಮ್ಮ ಲೆಕ್ಕವನ್ನೇ ಬರೆಯಿರಿ. ಯಾವ ದಿನದೊಳಗೆ ಬೇಕು ಅನ್ನುವುದನ್ನೂ ಸೇರಿಸಿ. ಎರಡು ಪ್ರತಿ ಮಾಡಿ ಒಂದಕ್ಕೆ ತಾರೀಖಿನ ಜೊತೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಅಂದರೆ ಅಲ್ಲೇ ನಿಂತು ಅದೇ ಪತ್ರವನ್ನು ಅವರ ಇಮೇಲ್‌ಗೆ ಕಳಿಸಿ.