ಸಂಬಳದ ಚೀಟಿಯಲ್ಲಿ ಗ್ರಾಚ್ಯುಟಿ ಯಾಕೆ ಕಡಿತವಾಗಿದೆ?

"ಕುಂಬಳೆಯವನು, ಹೊಸ ಕೆಲಸ. ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 6,000. ಪಿಎಫ್ 1,800, ಗ್ರಾಚ್ಯುಟಿ 721 ಕಡಿತ. ಸರಿಯಾ?"

ಪಿಎಫ್ ಸರಿ ಇದೆ. ಬೇಸಿಕ್‌ನ 12% ಅಂದ್ರೆ 1,800. ಬಾಡಿಗೆ ಭತ್ಯೆ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯೂ ತನ್ನ ಪಾಲು ಹಾಕಬೇಕು.

ಗ್ರಾಚ್ಯುಟಿ ಮಾತ್ರ ಗಮನಿಸಿ. ಅದನ್ನು ಕಂಪನಿಯೇ ಕೊಡಬೇಕು, ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. 721 ಅಂದ್ರೆ ಬೇಸಿಕ್‌ನ ಸುಮಾರು 4.81%. ತಿಂಗಳಿಗೆ 26 ದಿನ ಅಂತ ಹಿಡಿದು, ವರ್ಷಕ್ಕೆ 15 ದಿನದ ಬೇಸಿಕ್ ಅನ್ನು 12 ತಿಂಗಳಿಗೆ ಹಂಚಿದ ಮೊತ್ತ ಅದು.

ಚೀಟಿಯ ಎಡಗಡೆ, ಗಳಿಕೆಯ ಪಟ್ಟಿಯಲ್ಲೂ ಅದೇ 721 ಇದೆಯಾ ನೋಡಿ. ಇದ್ದರೆ ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಕಳೆದಿದ್ದಾರೆ, ಕೈಗೆ 19,200 ಬರಬೇಕು. 18,479 ಬಂದಿದ್ದರೆ ನಿಜವಾಗಿಯೂ ಹಿಡಿದಿದ್ದಾರೆ. ಆಗ ಎಚ್‌ಆರ್‌ಗೆ ಬಾಯಿಮಾತಲ್ಲಿ ಹೇಳಬೇಡಿ, ಇಮೇಲ್‌ನಲ್ಲೇ ಕಾರಣ ಕೇಳಿ.